ಸಿಲ್ವರ್ ನೈಟ್ರೇಟ್ ಮೇಲೆ ನಾನು ಕೊಟ್ಟ ದೂರು

ನನಗೆ ದೂರು ಬರೆಯುವ ಚಟವಿದೆ. ಬಸ್ಸು ತಡವಾದರೆ ಡಿಪೋ ಮ್ಯಾನೇಜರಿಗೆ, ಪೇಪರ್ ಒದ್ದೆಯಾಗಿ ಬಂದರೆ ಏಜೆಂಟನಿಗೆ, ಬಿಸ್ಕೀಟಿನ ಪುಡಿಕೆಯಲ್ಲಿ ಎರಡು ಒಡೆದಿದ್ದರೆ ಕಂಪನಿಗೆ. ಉತ್ತರ ಬರುವುದು ಕಡಿಮೆ. ಬಂದರೆ ಅದರಲ್ಲಿರುವ ತಪ್ಪು ಹುಡುಕಿ ಇನ್ನೊಂದು ಬರೆಯುತ್ತೇನೆ. ನನ್ನ ಹೆಂಡತಿ ನರಗುಂದದ ಮನೆಯಲ್ಲಿ ಚಹಾ ಕೊಡುತ್ತ ಹೇಳುವುದಿದೆ: "ನಿಮ್ಮ ಸಿಟ್ಟಿನ ಮ್ಯಾಲೆ ಪೋಸ್ಟಿನವರ ಹೊಟ್ಟಿ ತುಂಬಾಕತ್ತೇತಿ ನೋಡ್ರಿ."

ಇಷ್ಟು ಬರೆದವನು ಒಂದೇ ಒಂದು ಪತ್ರಕ್ಕೆ ನಾಚಿಕೊಂಡಿದ್ದೇನೆ. ಅದರ ಕಥೆ ಇದು.

ನಾನು ದಿನಾ ಬೈಕಿನಲ್ಲಿ ಹೋಗಿ ಕೆಲಸ ಮಾಡುವುದು ರೋಣದ ಒಂದು ಸಣ್ಣ ಖಾಸಗಿ ನೀರು ಪರೀಕ್ಷೆಯ ಲ್ಯಾಬಿನಲ್ಲಿ. ಕಡಲೆ ವ್ಯಾಪಾರಿಯೊಬ್ಬರ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಚೀಲ ಜಾಡಿಸಿದರೆ ಮೇಲೆ ನನಗೆ ಸೀನು ಬರುತ್ತದೆ. ಜಕ್ಕಲಿ, ಅಬ್ಬಿಗೇರಿ, ಹೊಳೆಆಲೂರು ಕಡೆಯ ಬೋರಿನ ನೀರು ಬಾಟಲಿಗಳಲ್ಲಿ ಬರುತ್ತದೆ. ಗಡಸು ಎಷ್ಟು, ಉಪ್ಪು ಎಷ್ಟು, ಫ್ಲೋರೈಡ್ ಎಷ್ಟು ಎಂದು ನೋಡಿ ರಿಪೋರ್ಟ್ ಕೊಡುವುದು ನಮ್ಮ ಕೆಲಸ. ಮ್ಯಾನೇಜರ್ ನಾನು. ನನ್ನ ಕೈಕೆಳಗೆ ಇಬ್ಬರು. ಒಬ್ಬಳು ಹೊಳೆಆಲೂರಿನಿಂದ ಬರುವ ಕೆಮಿಸ್ಟ್, ಬಿಎಸ್ಸಿ ಮಾಡಿದವಳು, ಮಾತು ಕಡಿಮೆ. ಇನ್ನೊಬ್ಬರು ಗಾಜಿನ ಸಾಮಾನು ತೊಳೆಯುವುದಕ್ಕೆಂದು ಆಗಷ್ಟೇ ಸೇರಿದ್ದ ಅಕ್ಕಾರು. ನನಗಿಂತ ಚಿಕ್ಕವರೇ, ಆದರೂ ಎಲ್ಲರೂ ಅಕ್ಕಾರ ಅಂತಲೇ ಕರೆದೆವು.

ಅಕ್ಕಾರು ಗಜೇಂದ್ರಗಡದ ನೇಕಾರರ ಮನೆಯವರು. ಇಪ್ಪತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದು ಬೆನ್ನು ಹೋಗಿತ್ತು. ಇನ್ನು ಮಗ್ಗಕ್ಕೆ ಇಳಿಯಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮಲ್ಲಿಗೆ ಬಂದರು. ನಿಂತು ಮಾಡುವ ಕೆಲಸ, ಅದು ಅವರಿಗೆ ಒಗ್ಗಿತು. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವುದು ಎಂದು ಮಾತಾಗಿತ್ತು. ಕಾಯಂ ಮಾಡುವುದೋ ಬಿಡುವುದೋ ನನ್ನ ಕೈಯಲ್ಲಿತ್ತು.

ಮೊದಲ ದಿನ ಅವರನ್ನು ಎದುರಿಗೆ ನಿಲ್ಲಿಸಿಕೊಂಡು ನಾನು ಭಾಷಣ ಮಾಡಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

"ಅಕ್ಕಾರ, ಇದು ಮನಿ ಅಲ್ಲ, ಲ್ಯಾಬ್. ಇಲ್ಲಿ ತಪ್ಪು ಅಂದ್ರ ತಪ್ಪು. ಸಣ್ಣದು ದೊಡ್ಡದು ಅನ್ನೂದಿಲ್ಲ. ಒಂದ ಒಂದು ತಪ್ಪು ಆತಂದ್ರೂ ಮರುದಿನ ಬರೂ ಅವಶ್ಯಕತಿ ಇಲ್ಲ. ನಾ ಆದ್ರೂ ಅಷ್ಟ, ನೀವಾದ್ರೂ ಅಷ್ಟ."

"ಹೂಂನ್ರಿ ಸಾಹೇಬ್ರ," ಎಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಈ ಕೆಲಸ ಒಂದು ಉಳೀಲಿ ಅಂತ ದೇವರಿಗೆ ಹರಕಿ ಹೊತ್ತೀನ್ರಿ."

"ನಾ ಆದ್ರೂ ಅಷ್ಟ" ಎಂಬುದು ಬರೀ ಮಾತಿನ ಭರಕ್ಕೆ ಸೇರಿಸಿದ್ದು. ನಾನು ತಪ್ಪು ಮಾಡುವವನಲ್ಲ ಎಂದು ನನಗೆ ಪೂರ್ತಿ ನಂಬಿಕೆ ಇತ್ತು.

ಅವರು ಬಂದು ಒಂದು ತಿಂಗಳಾಗುತ್ತಿದ್ದ ಹಾಗೆ ನಮ್ಮ ಲ್ಯಾಬಿಗೆ ಮಾನ್ಯತೆ ಕೊಡುವವರು ತಪಾಸಣೆಗೆ ಬರುತ್ತೇವೆಂದು ತಿಳಿಸಿದರು. ಮದುವೆ ಮನೆಯ ಗಡಿಬಿಡಿ ಶುರುವಾಯಿತು. ಇದ್ದಬದ್ದ ಬೀಕರು, ಫ್ಲಾಸ್ಕು, ಬ್ಯುರೆಟ್ಟುಗಳನ್ನೆಲ್ಲ ಕಪಾಟಿನಿಂದ ಇಳಿಸಿ ದಿನಾ ತೊಳೆಸಿದೆ. ತೊಳೆದ ಮೇಲೆ ಕೊನೆಯ ಸಲ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಬೇಕು. ಆ ನೀರು ಇರುವುದು ಬಾಗಿಲ ಪಕ್ಕದ ಸ್ಟೂಲಿನ ಮೇಲಿನ ಒಂದು ಬಿಳಿ ಕ್ಯಾನಿನಲ್ಲಿ, ಇಪ್ಪತ್ತು ಲೀಟರಿನದು, ಕೆಳಗೆ ನಳ ಇದೆ. ಬೆಳಿಗ್ಗೆ ಡಿಸ್ಟಿಲೇಷನ್ ಯಂತ್ರ ಹಚ್ಚಿ ಇಳಿದ ನೀರನ್ನು ಅದಕ್ಕೆ ತುಂಬುತ್ತೇವೆ. ಮೊದಲು ಅದು ಎರಡು ಮೂರು ದಿನ ಬರುತ್ತಿತ್ತು. ಆ ವಾರ ಸಂಜೆಯಾಗುವುದರೊಳಗೆ ತಳ ಕಾಣತೊಡಗಿತು.

ಅದೇ ವಾರ ಹುಬ್ಬಳ್ಳಿಯಿಂದ ಹೊಸ ಸಿಲ್ವರ್ ನೈಟ್ರೇಟ್ ಬಂತು. ನೀರಿನಲ್ಲಿ ಉಪ್ಪಿನ ಅಂಶ, ಅಂದರೆ ಕ್ಲೋರೈಡ್ ಎಷ್ಟಿದೆ ಎಂದು ಹೇಳುವ ದ್ರಾವಣ ಅದು. ಹಳದಿ ಬಣ್ಣದ ಸೂಚಕ ಹಾಕಿದ ನೀರಿಗೆ ಇದನ್ನು ಹನಿಹನಿಯಾಗಿ ಬಿಡುತ್ತ ಹೋದರೆ, ಉಪ್ಪಿನ ಪಾಲು ಮುಗಿದ ಕ್ಷಣ ನೀರು ಇಟ್ಟಂಗಿ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಮಿಲಿಲೀಟರ್ ಹೋಯಿತು ಎಂಬುದರ ಮೇಲೆ ಲೆಕ್ಕ. ಹಾಗಾಗಿ ದ್ರಾವಣದ ಬಲ ಸರಿಯಾಗಿರಬೇಕು. ಅದಕ್ಕೇ ಪ್ರತಿ ಬ್ಯಾಚಿನ ಜೊತೆ ಕಂಪನಿ ಒಂದು ವಿಶ್ಲೇಷಣಾ ಪ್ರಮಾಣಪತ್ರ ಕಳಿಸುತ್ತದೆ. ನಮ್ಮ ಬಾಟಲಿಯದರಲ್ಲಿ ಬಲ 0.0141 ನಾರ್ಮಲ್ ಎಂದಿತ್ತು, ಸಹಿ ಇತ್ತು, ಸಿಕ್ಕಾ ಇತ್ತು.

ನಾನು ಯಾರ ಸಿಕ್ಕಾ ನೋಡಿಯೂ ನಂಬುವವನಲ್ಲ. ಬಂದ ಬ್ಯಾಚನ್ನು ನಾವೇ ಪರೀಕ್ಷಿಸಿ ನೋಡದೆ ಬಳಸಬಾರದು ಎಂಬುದು ನಮ್ಮ ಲ್ಯಾಬಿನ ನಿಯಮ; ಒಳ್ಳೆಯ ನಿಯಮ. ಒಣಗಿಸಿ ಆರಿಸಿದ ಶುದ್ಧ ಸೋಡಿಯಂ ಕ್ಲೋರೈಡನ್ನು ತೂಗಿ ಅಷ್ಟೇ ಬಲದ ದ್ರಾವಣ ಮಾಡಿದೆ. ಅದರಲ್ಲಿ ಹತ್ತು ಮಿಲಿಲೀಟರ್ ತೆಗೆದುಕೊಂಡು, ಡಿಸ್ಟಿಲ್ಡ್ ನೀರು ಸೇರಿಸಿ ನೂರು ಮಾಡಿ, ಹನಿ ಬಿಡುವ ಬ್ಯುರೆಟ್ ಹಿಡಿದು ನಿಂತೆ. ಹತ್ತು ಚಿಲ್ಲರೆ ಮಿಲಿಲೀಟರಿಗೆ ಬಣ್ಣ ತಿರುಗಬೇಕು. ತಿರುಗಲಿಲ್ಲ. ಹತ್ತೂವರೆ, ಹನ್ನೊಂದು. 11.2ಕ್ಕೆ ತಿರುಗಿತು. ಇನ್ನೊಮ್ಮೆ ಮಾಡಿದೆ, 11.2. ಮೂರನೆಯ ಸಲವೂ 11.2.

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಕೆಮಿಸ್ಟ್ ಮೆಲ್ಲಗೆ ಕೇಳಿದಳು: "ಸರ್, ಬ್ಲ್ಯಾಂಕ್ ಮಾಡ್ಲೇನ್ರಿ?"

ಬ್ಲ್ಯಾಂಕ್ ಎಂದರೆ ಉಪ್ಪೇನೂ ಹಾಕದೆ ಬರೀ ಡಿಸ್ಟಿಲ್ಡ್ ನೀರಿಗೇ ಅದೇ ಪರೀಕ್ಷೆ ಮಾಡುವುದು. ನೀರಿನದೇ ಪಾಲು ಎಷ್ಟೆಂದು ಗೊತ್ತಾದರೆ ಅದನ್ನು ಕಳೆಯಬಹುದು. ನಮ್ಮಲ್ಲಿ ಅದು ಯಾವಾಗಲೂ 0.2 ಬರುತ್ತಿತ್ತು.

"ಏನ್ ಮಾಡ್ತಿ ಬ್ಲ್ಯಾಂಕ್?" ಎಂದೆ. "ನಾ ಇಲ್ಲಿಗೆ ಬಂದಾಗಿಂದ ಪಾಯಿಂಟ್ ಎರಡ ಐತಿ. ಪಾಯಿಂಟ್ ಎರಡು ಬರಿ."

ಅವಳು ಪೆನ್ನು ಒಂದು ಕ್ಷಣ ತಡೆದು ಹಿಡಿದಳು. ಆಮೇಲೆ ಬರೆದಳು.

ಅದನ್ನು ಕಳೆದು ಉಳಿದ ಹನ್ನೊಂದರ ಲೆಕ್ಕದಲ್ಲಿ ಬಲ 0.0128 ಆಯಿತು. ನೂರಕ್ಕೆ ಒಂಬತ್ತು ಕಡಿಮೆ! ಸುಳ್ಳು ಹೇಳುವುದಿಲ್ಲ, ನನಗೆ ಬೇಜಾರಾಗಲಿಲ್ಲ. ಭಾರೀ ಖುಷಿಯಾಯಿತು. ಇಷ್ಟು ವರ್ಷ ಒಡೆದ ಬಿಸ್ಕೀಟಿನ ಮೇಲೆ ಕೈ ಪಳಗಿಸಿಕೊಂಡಿದ್ದವನಿಗೆ ಈಗ ನಿಜವಾದ ಬೇಟೆ ಸಿಕ್ಕಿತ್ತು. ಬಾಟಲಿಗಳಿಗೆಲ್ಲ ಕೆಂಪು ಚೀಟಿ ಅಂಟಿಸಿ ಬೇರೆ ಇಡಿಸಿದೆ. ಹಳೆಯ ಬ್ಯಾಚು ಮುಗಿದು ಹೋಗಿತ್ತು. ಹೊಸದನ್ನು ಹಳೆಯದರ ಪಕ್ಕಕ್ಕಿಟ್ಟು ನೋಡುವ ದಾರಿ ಇರಲಿಲ್ಲ. ಕ್ಲೋರೈಡ್ ಪರೀಕ್ಷೆ ನಿಂತಿತು. ಹಳ್ಳಿಗಳಿಂದ ಬಂದ ಬಾಟಲಿಗಳು ಸಾಲಾಗಿ ಕೂತವು.

ಆ ಮಧ್ಯಾಹ್ನ ಬುತ್ತಿ ಬಿಚ್ಚದೆ ಪತ್ರಕ್ಕೆ ಕೂತೆ. ಇಂಗ್ಲಿಷಿನಲ್ಲಿ ಬರೆದದ್ದು, ಅದರ ಬಿಸಿ ಕನ್ನಡದಲ್ಲಿ ಪೂರ್ತಿ ಬರಲಿಕ್ಕಿಲ್ಲ. ವಿಷಯ: ಸಿಲ್ವರ್ ನೈಟ್ರೇಟ್ ದ್ರಾವಣವು ತನ್ನದೇ ಪ್ರಮಾಣಪತ್ರದಲ್ಲಿ ಅನುತ್ತೀರ್ಣವಾದ ಬಗ್ಗೆ. ಬ್ಯಾಚ್ ನಂಬರು ದಪ್ಪಕ್ಷರದಲ್ಲಿ. ಬಾಟಲಿಗಳ ಸೀಲು ಗಟ್ಟಿಯಿತ್ತು, ಕಂದು ಬಾಟಲಿಯನ್ನು ಬೆಳಕು ತಾಗದಂತೆ ಇಟ್ಟಿದ್ದೆವು, ಅವಧಿ ಮುಗಿದಿಲ್ಲ, ಎಂದು ಒಂದೊಂದಾಗಿ ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ಮುಚ್ಚಿದೆ. ಮೂರು ಸಲದ ಓದು ಕೊಟ್ಟೆ. ಬ್ಲ್ಯಾಂಕಿನ ಸಾಲಿನಲ್ಲಿ 0.2 ಬರೆದೆ. ನಿಮ್ಮಲ್ಲಿ ಉಳಿಸಿಕೊಂಡ ಇದೇ ಬ್ಯಾಚಿನ ಮಾದರಿಯನ್ನು ಮತ್ತೆ ಪರೀಕ್ಷಿಸಿ, ಕಾರಣ ಹುಡುಕಿ ತಿಳಿಸಿ, ಬಾಟಲಿ ಬದಲಿಸಿ ಕೊಡಿ ಎಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಒಳ್ಳೆಯ ಪತ್ರ ಅದು. ನಾನು ಬಿಡಲಿಲ್ಲ.

"ನಿಮ್ಮ ದ್ರಾವಣವನ್ನು ನಂಬಿದ್ದರೆ ಅಬ್ಬಿಗೇರಿಯ ಬೋರಿನ ನೀರು ವಿನಾಕಾರಣ ಉಪ್ಪಾಗುತ್ತಿತ್ತು. ನಿಮ್ಮ ಪ್ರಮಾಣಪತ್ರಕ್ಕೆ ಸಹಿ ಹಾಕಿದ ಮಹನೀಯರು ಬ್ಯುರೆಟ್ ಓದಲು ಕಲಿಯಬಯಸಿದಲ್ಲಿ ನಮ್ಮ ಪ್ರಯೋಗಾಲಯಕ್ಕೆ ಸ್ವಾಗತ. ಪರೀಕ್ಷೆಯ ಮೂಲಪಾಠಗಳನ್ನು ಸಂತೋಷದಿಂದ ಹೇಳಿಕೊಡುತ್ತೇವೆ."

ಮೂಲಪಾಠ ಎಂಬ ಶಬ್ದ ಬರೆದು ಪೆನ್ನು ಕೆಳಗಿಟ್ಟಾಗ ನನಗೆ ಆದ ಸಮಾಧಾನ ಹೇಳಲಾರೆ. ಹುಬ್ಬಳ್ಳಿಯ ಡೀಲರಿಗೆ ಒಂದು ಪ್ರತಿ, ಕಂಪನಿಯ ಗುಣಮಟ್ಟ ವಿಭಾಗಕ್ಕೆ ಒಂದು, ತಪಾಸಣೆಗೆ ಬರುವವರಿಗೆ ತೋರಿಸಲು ಫೈಲಿಗೆ ಒಂದು. ಸಂಜೆ ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದೆ. ಬದನೆಕಾಯಿ ಹೆಚ್ಚುತ್ತಿದ್ದವಳು ಕೊನೆಯ ಸಾಲಿಗೆ ಕೈ ನಿಲ್ಲಿಸಿದಳು.

"ಇಷ್ಟು ಖಾರ ಯಾಕ್ರಿ? ಅವರು ಏನಂದಾರು?"

"ಏನನ್ನೂದು? ತಪ್ಪು ಅವರದು."

ನಾಲ್ಕು ದಿನದ ಮೇಲೆ ಡೀಲರು ಫೋನ್ ಮಾಡಿದರು. ಹುಬ್ಬಳ್ಳಿಯಲ್ಲಿ ಅವರದು ಹಳೆಯ ಅಂಗಡಿ. ಅರವತ್ತು ದಾಟಿದ ಮನುಷ್ಯ, ನಾವೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತೇವೆ. ಸಿಟ್ಟಾಗಿದ್ದಾರೆ ಎಂದು ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಸಾಹೇಬ್ರ, ಪತ್ರ ಓದಿದೆ. ಇಂಗ್ಲಿಷ್ ಭಾಳ ಚಲೋ ಬರೀತೀರಿ," ಎಂದರು. "ಕಂಪನ್ಯಾಗ ಇಟ್ಟಕೊಂಡಿದ್ದ ಬಾಟ್ಲಿ ತಗದು ಮತ್ತ ನೋಡ್ಯಾರಂತ. ಬರೋಬರಿ ಬಂದೈತಂತ. ಬ್ಯಾರೆ ಲ್ಯಾಬಿನವರೂ ಯಾರೂ ಏನೂ ಅಂದಿಲ್ಲ. ನಾ ಬುಧವಾರ ಬರ್ತೀನಿ. ಇದ ಬ್ಯಾಚಿನ ಒಂದು ಬಾಟ್ಲಿ ತರ್ತೀನಿ, ನನ್ನ ಮುಂದ ಒಂದ ಸಲ ಮಾಡಿ ತೋರಿಸ್ರಿ."

"ಬರ್ರಿ ಸಾವ್ಕಾರ್ರ, ಬರ್ರಿ. ಒಂದಲ್ಲ, ಹತ್ತು ಸಲ ತೋರಸ್ತೀನಿ."

ಬುಧವಾರದ ತಯಾರಿಗೆಂದು ಇನ್ನೂ ಎರಡು ದಿನ ಸಾಮಾನು ತೊಳೆಸಿದೆ. ಅಕ್ಕಾರು ನಿಂತಲ್ಲೇ ಸೊಂಟಕ್ಕೆ ಕೈ ಕೊಟ್ಟು ಒಮ್ಮೊಮ್ಮೆ ನೆಟ್ಟಗಾಗುತ್ತಿದ್ದರು, ಮತ್ತೆ ಬಗ್ಗುತ್ತಿದ್ದರು. ಒಂದು ಪಿಪೆಟ್ಟಿನ ಮೇಲೆ ನೀರಿನ ಕಲೆ ಕಂಡು ನಾನು ಚೀರಿದೆ. ಅದು ಕಲೆಯಲ್ಲ, ಗಾಜಿನ ಮೇಲೆ ಕಂಪನಿ ಒತ್ತಿದ ಗುರುತು ಎಂದು ಆಮೇಲೆ ಗೊತ್ತಾಯಿತು. ಚೀರಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಸಾವ್ಕಾರ್ರು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದರು. ಒಂದು ಕೈಯಲ್ಲಿ ಸೀಲು ಒಡೆಯದ ಬಾಟಲಿಯ ಡಬ್ಬಿ, ಇನ್ನೊಂದರಲ್ಲಿ ಪೇಢೆಯ ಪೊಟ್ಟಣ. ಪೇಢೆ ಲಂಚ ಎಂದುಕೊಂಡು ನಾನು ಮುಟ್ಟಲಿಲ್ಲ. ಅಕ್ಕಾರು ಕೊಟ್ಟ ಚಹಾ ಕುಡಿದು, ಕುರ್ಚಿಯನ್ನು ಮೇಜಿಗೆ ಸರಿಸಿಕೊಂಡು, "ಹೂಂ, ನಡೀಲಿ," ಎಂದರು.

ಗಾರುಡಿಗನ ಹಾಗೆ ತೋಳು ಏರಿಸಿದೆ. ಅವರೇ ತಂದ ಬಾಟಲಿಯ ಸೀಲನ್ನು ಅವರ ಕೈಯಿಂದಲೇ ಒಡೆಸಿದೆ. ಹನಿ ಬಿಟ್ಟೆ. 11.2. "ನೋಡ್ರಿ!" ಎಂದೆ. ಕೆಮಿಸ್ಟ್ ಕಡೆಯೂ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಸಾವ್ಕಾರ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಖರೇನ ಐತಲ್ಲಪಾ," ಎಂದರು. ಕಿಸೆಯಿಂದ ಮಡಚಿದ ಒಂದು ಚೀಟಿ ತೆಗೆದರು. "ನನಗ ಇದರಾಗಿಂದು ಅಷ್ಟು ತಿಳಿಯೂದಿಲ್ಲ ಸಾಹೇಬ್ರ. ಕಂಪನಿಯವರು ಒಂದು ಮಾತು ಕೇಳಿಕೊಂಡು ಬಾ ಅಂದಾರ. ಬ್ಲ್ಯಾಂಕ್ ಪಾಯಿಂಟ್ ಎರಡು ಅಂತ ಬರದೀರಲ್ಲ, ಅದನ್ನ ಅವತ್ತ ಮಾಡಿದ್ರೋ, ಹಳೇದೋ?"

ಕೆಳಗೆ ಕಡಲೆ ಚೀಲ ಜಾಡಿಸಿದರು, ನಾನು ಸೀನಿದೆ. ಸೀನು ಅಷ್ಟು ಸಮಯಕ್ಕೆ ಸರಿಯಾಗಿ ಇನ್ನೆಂದೂ ಬಂದಿಲ್ಲ.

"ಈಗ ಮಾಡೂಣಂತ," ಎಂದೆ. "ಅದರಾಗೇನೈತಿ."

ಕ್ಯಾನಿನಿಂದ ನೂರು ಮಿಲಿಲೀಟರ್ ನೀರು ಹಿಡಿದೆ, ಸೂಚಕ ಹಾಕಿದೆ. ಚಿನ್ನದ ಹಳದಿಯಾಯಿತು. 0.2ಕ್ಕೆ ತಿರುಗಬೇಕಾದ್ದು ತಿರುಗಲಿಲ್ಲ. ನೀರು ತುಸು ಬೆಳ್ಳಗೆ ಮಬ್ಬಾಯಿತು. ಉಪ್ಪು ಇದ್ದರೆ ಮಾತ್ರ ಹಾಗಾಗುತ್ತದೆ. 0.5. 0.8. ಸಾವ್ಕಾರ್ರು ಮುಂದಕ್ಕೆ ಬಾಗಿದರು. ಒಂದು ದಾಟಿತು. 1.2ಕ್ಕೆ ಇಟ್ಟಂಗಿ ಬಣ್ಣ ನಿಂತಿತು.

ಕೆಮಿಸ್ಟ್ ಕೇಳದೆಯೇ ಲೆಕ್ಕ ಮಾಡಿದಳು. ಅವಳ ದನಿ ಎಂದಿನ ಹಾಗೆ ಸಣ್ಣಗಿತ್ತು. "ಹನ್ನೊಂದು ಪಾಯಿಂಟ್ ಎರಡರಾಗ ಒಂದು ಪಾಯಿಂಟ್ ಎರಡು ಕಳದ್ರ ಸರಿಯಾಗಿ ಹತ್ತು ಸರ್. ಬಲ ಸೊನ್ನಿ ಪಾಯಿಂಟ್ ಸೊನ್ನಿ ಒಂದು ನಾಕು ಒಂದು." ಪ್ರಮಾಣಪತ್ರದಲ್ಲಿ ಇದ್ದದ್ದೂ ಅದೇ. ಒಂದಂಕಿಯೂ ಆಚೀಚೆ ಇಲ್ಲ.

ಭೂಮಿ ಬಾಯಿ ತೆರೆಯುತ್ತದೆ ಎಂದು ಕಾದೆ, ತೆರೆಯಲಿಲ್ಲ. ಅದು ರೋಣದ ಕಪ್ಪು ಎರಿ ನೆಲ, ಬೇಸಿಗೆಯಲ್ಲಿ ಬೇಡವೆಂದರೂ ಬಿರುಕು ಬಿಡುತ್ತದೆ. ನನಗೆ ಬೇಕಾದ ದಿನ ಬಿಡಲಿಲ್ಲ. ಮೂಲಪಾಠ ಎಂಬ ಶಬ್ದ ತಲೆಯಲ್ಲಿ ಗಂಟೆಯಂತೆ ಬಾರಿಸತೊಡಗಿತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಡಿಸ್ಟಿಲ್ಡ್ ನೀರಿಗೆ ಉಪ್ಪು ಎಲ್ಲಿಂದ ಬಂತು? ಯಂತ್ರ ಕೆಟ್ಟಿದೆ ಎಂದು ಗಟ್ಟಿಯಾಗಿ ಹೇಳಿದೆ. ಆ ಕ್ಷಣದಲ್ಲಿಯೇ ಯಂತ್ರದ ಕಂಪನಿಗೆ ಒಂದು ಪತ್ರದ ಮೊದಲ ಸಾಲು ಮನಸ್ಸಿನಲ್ಲಿ ಕೂಡಿಕೊಂಡಿತ್ತು, ನಿಜ ಹೇಳುತ್ತೇನೆ. ಯಂತ್ರ ಹಚ್ಚಿ ಅದರ ಬಾಯಿಂದಲೇ ನೀರು ಹಿಡಿದು ಬ್ಲ್ಯಾಂಕ್ ಮಾಡಿದೆವು. 0.2. ಯಂತ್ರ ಗಟ್ಟಿಯಾಗಿತ್ತು. ನಾವು ದಿನಾ ನೀರಿನ ಶುದ್ಧಿ ನೋಡುತ್ತಿದ್ದದ್ದೂ ಆ ಬಾಯಲ್ಲಿಯೇ. ಕ್ಯಾನಿನೊಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ಹಾಗಾದರೆ ತಪ್ಪು ಕ್ಯಾನಿನಲ್ಲಿ. ಅದರಲ್ಲಿದ್ದ ನೀರನ್ನೆಲ್ಲ ಸಿಂಕಿಗೆ ಸುರಿದು, ಒಳಗೆ ಬ್ಯಾಟರಿ ಬಿಟ್ಟು ನೋಡಿದೆವು. ಸ್ವಚ್ಛವಾಗಿತ್ತು. ಖಾಲಿ ಕ್ಯಾನನ್ನು ಮತ್ತೆ ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟೆ.

ಐದೂವರೆಯಾಗಿತ್ತು. ಸಾವ್ಕಾರ್ರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. "ನಿಂದರ್ರಿ, ಬಸ್ ಸ್ಟ್ಯಾಂಡಿನ ತನಕ ಬೈಕಿನ್ಯಾಗ ಬಿಡ್ತೀನಿ," ಎಂದು ನಾನೂ ಕೀಲಿ ತೆಗೆದುಕೊಂಡೆ. ನಾವಿಬ್ಬರೂ ಬಾಗಿಲ ಕಡೆ ತಿರುಗಿದ್ದೇ ತಡ, ಸಿಂಕಿನ ಬಳಿ ಇದ್ದ ಅಕ್ಕಾರು, "ತಡೀರಿ ತಡೀರಿ," ಎನ್ನುತ್ತ ಓಡಿ ಬಂದರು. ಕೈಯಲ್ಲಿ ಒಂದು ಸಣ್ಣ ಸ್ಟೀಲಿನ ಚರಿಗೆ, ನಳದ ನೀರು ತುಂಬಿದ್ದು. ನಮ್ಮ ಕಣ್ಣೆದುರಿಗೇ ಕ್ಯಾನಿನ ಮುಚ್ಚಳ ತೆಗೆದು ಆ ನೀರನ್ನು ಒಳಗೆ ಸುರಿದು, ಮುಚ್ಚಿ, ಪಕ್ಕಕ್ಕೆ ಸರಿದು ನಿಂತರು.

"ಈಗ ಹೋಗಿ ಬರ್ರಿ," ಎಂದರು.

ನಮ್ಮ ನಳದ ನೀರು ಬೋರಿನದು, ಉಪ್ಪುಪ್ಪಾದ ಸವಳು. ಚಹಾಕ್ಕೂ ಆಗುವುದಿಲ್ಲ, ಚಹಾಕ್ಕೆ ಕೊಡದಲ್ಲಿ ಸಿಹಿನೀರು ಬೇರೆ ತರಿಸುತ್ತೇವೆ. ಇಪ್ಪತ್ತು ಲೀಟರಿಗೆ ಅದರ ಒಂದು ಚರಿಗೆ ಸಾಕು. ನಾನು, ಸಾವ್ಕಾರ್ರು, ಕೆಮಿಸ್ಟ್ ಮೂವರೂ ಆ ಚರಿಗೆಯನ್ನೇ ನೋಡುತ್ತ ನಿಂತೆವು.

"ಅಕ್ಕಾರ," ಎಂದೆ. "ಇದನ್ನ ದಿನಾ ಮಾಡ್ತೀರೇನು?"

"ದಿನಾ ಎಲ್ಲಿ ಬರ್ತೇತ್ರಿ. ಹ್ವಾದ ವಾರದಿಂದ ಸಂಜೀಗೆ ಖಾಲಿ ಆಗಾಕತ್ತೇತಿ. ಖಾಲಿ ಆದಾಗ ಒಂದು ಚರಿಗಿ ಹಾಕಿ ಇಡ್ತೀನ್ರಿ."

"ಯಾಕ?"

ಇದೂ ಕೇಳುವ ಮಾತೇ ಎನ್ನುವ ಹಾಗೆ ನನ್ನನ್ನು ನೋಡಿದರು. "ನೀರಿಂದು ಕೊಡ ಖಾಲಿ ಇಡತಾರೇನ್ರಿ? ಅದೂ ಬಾಗಿಲ ಮುಂದ! ಮಂದಿ ಹೊಂಡೂ ಹೊತ್ತಿನ್ಯಾಗ ಖಾಲಿ ಕೊಡ ಎದುರಿಗೆ ಬರಬಾರದ್ರಿ." ಆಮೇಲೆ ಸ್ವಲ್ಪ ತಡೆದು ಹೇಳಿದರು: "ನೀವು ಹ್ವಾದ ಮಳಿಗಾಲದಾಗ ನರಗುಂದದ ದಾರ್‍ಯಾಗ ಬೈಕ್ ಮ್ಯಾಲಿಂದ ಬಿದ್ದಿದ್ರೆಂತ ಬಾಯಾರು ಹೇಳಿದ್ರು. ದಿನಾ ಅದ ದಾರ್‍ಯಾಗ ಒಬ್ರ ಹೊಕ್ಕೀರಿ. ಖಾಲಿ ಕ್ಯಾನ್ ನೋಡಿ ಹೊಂಟ್ರ ನನ್ನ ಜೀವಕ್ಕ ಸಮಾಧಾನ ಆಗೂದಿಲ್ರಿ."

ಬಾಯಾರು ಎಂದರೆ ನಮ್ಮ ಕೆಮಿಸ್ಟ್. ಬಿದ್ದದ್ದು ನಿಜ. ಟ್ರ್ಯಾಕ್ಟರಿನ ಗಾಲಿಗೆ ಅಂಟಿ ಬಂದ ಎರಿ ಮಣ್ಣು ಡಾಂಬರಿನ ಮೇಲೆ ಬೆಣ್ಣೆಯಾಗಿತ್ತು, ಬೈಕು ಜಾರಿತ್ತು, ಭುಜ ಮುರಿದಿತ್ತು. ಅದನ್ನು ಮನೆಯಲ್ಲಿ ಹೆಂಡತಿ ಬಿಟ್ಟರೆ ಇನ್ನು ಯಾರೂ ನೆನಪಿಟ್ಟಿಲ್ಲ ಎಂದುಕೊಂಡಿದ್ದೆ. ನಾನು ಪಿಪೆಟ್ಟಿನ ಗುರುತಿಗೆ ಚೀರಿದ ದಿನದ ಸಂಜೆಯೂ ಈ ಹೆಂಗಸು ನಾನು ಸುಖವಾಗಿ ಮನೆ ಸೇರಲಿ ಎಂದು ಆ ಕ್ಯಾನಿಗೆ ನೀರು ಹಾಕಿದ್ದರು. ನನಗೆ ತುಂಬಾ ನಾಚಿಕೆಯಾಯಿತು.

ಕೆಮಿಸ್ಟ್ ಅಕ್ಕಾರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿಷಯ ಹೇಳಿದಳು. ನೀರು, ಉಪ್ಪು, ಪತ್ರ, ಸಾವ್ಕಾರ್ರು ಯಾಕೆ ಬಂದರು, ಎಲ್ಲ. ಅಕ್ಕಾರ ಮುಖ ಇಳಿದು ಹೋಯಿತು. ಚರಿಗೆಯನ್ನು ಮೇಜಿನ ಮೇಲಿಟ್ಟು ಮೂಲೆಗೆ ಹೋಗಿ ಮೊಳೆಯಿಂದ ತಮ್ಮ ಕೈಚೀಲ ತೆಗೆದುಕೊಂಡರು. ಬುತ್ತಿ ಡಬ್ಬಿ ಹಾಕಿಕೊಂಡರು. ಏಪ್ರನ್ ಬಿಚ್ಚಿ ಮಡಚಿ ಕುರ್ಚಿಯ ಮೇಲಿಟ್ಟರು, ಸೀರೆ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ.

"ಎಲ್ಲಿಗೆ ಅಕ್ಕಾರ?"

"ನೀವ ಹೇಳಿದ್ರೆಲ್ರಿ ಸಾಹೇಬ್ರ. ಒಂದು ತಪ್ಪಾತಂದ್ರ ಮರುದಿನ ಬರೂದಿಲ್ಲ ಅಂತ." ಅಳಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದರು. ಆ ಬೆನ್ನು ಮತ್ತೆ ಮಗ್ಗದ ಕುಣಿಗೆ ಇಳಿಯಬೇಕಾಗುತ್ತದೆ ಎಂಬುದು ನನಗೆ ಆಗ ಹೊಳೆಯಿತು.

ಸಾವ್ಕಾರ್ರು ಅಷ್ಟರವರೆಗೆ ಬಾಗಿಲಿಗೆ ಒರಗಿ ನಿಂತಿದ್ದರು. ಈಗ ಪೇಢೆಯ ಪೊಟ್ಟಣ ಬಿಚ್ಚುತ್ತ ಕೇಳಿದರು: "ಸಾಹೇಬ್ರ, ಆ ಕಾಯ್ದೆ ಎಲ್ಲಾರಿಗೂ ಐತೋ, ಅಕ್ಕಾರಿಗಷ್ಟ ಐತೋ?"

ಅಕ್ಕಾರು ನನ್ನ ಪರವಾಗಿ ಉತ್ತರ ಕೊಟ್ಟರು. "ಎಲ್ಲಾರಿಗೂ ಅಂದಾರ್ರಿ. ನಾ ಆದ್ರೂ ಅಷ್ಟ ಅಂದಾರ."

"ಹಂಗಾರ ಇಬ್ರೂ ಒಂದ ಬಸ್ಸಿಗೆ ಹೋಗ್ರಿ," ಎಂದು ಸಾವ್ಕಾರ್ರು ಒಂದು ಪೇಢೆ ಬಾಯಿಗೆ ಹಾಕಿಕೊಂಡರು. ಮಾತು ಕಡಿಮೆಯ ನಮ್ಮ ಕೆಮಿಸ್ಟ್ ಕಿಸಕ್ಕನೆ ನಕ್ಕಳು. ಬಾಯಿ ಮುಚ್ಚಿಕೊಂಡಳು, ಆದರೂ ನಕ್ಕಳು. ನನಗೂ ತಡೆಯಲಾಗಲಿಲ್ಲ.

ಏಪ್ರನ್ ತೆಗೆದು ಅಕ್ಕಾರ ಕೈಗೆ ಕೊಟ್ಟೆ. "ತಪ್ಪು ನಿಮ್ಮದಲ್ರಿ. ಆ ಕ್ಯಾನಿನ್ಯಾಗ ಬ್ಯಾರೆ ನೀರು ಹಾಕಬಾರದು ಅಂತ ನಾ ಹೇಳಿದ್ನೇನು? ಹೇಳಲಿಲ್ಲ. ಬರೇ ಬೈದೆ. ಇನ್ನ ಬ್ಲ್ಯಾಂಕ್ ಮಾಡ್ಲೇನು ಅಂತ ಬಾಯಾರು ಕೇಳಿದ್ರು. ಬ್ಯಾಡ ಅಂದಾಂವ ನಾನು. ನಾಳೆ ಎಂದಿನಂಗ ಬರ್ರಿ."

"ಬರ್ಲೇನ್ರಿ ಖರೇ?"

"ಬರಲಿಲ್ಲಂದ್ರ ಗಜೇಂದ್ರಗಡಕ್ಕ ಪತ್ರ ಬರೀತೀನಿ."

ಮರುದಿನ ಎರಡನೆಯ ಪತ್ರ ಬರೆದೆ. ಅದಕ್ಕೆ ಒಂದು ನಮೂನೆ ಇದೆ. ದೂರು ವಾಪಸು ತೆಗೆದುಕೊಂಡರೆ ಏನಾಯಿತು, ಯಾಕಾಯಿತು, ಇನ್ನು ಮುಂದೆ ಆಗದ ಹಾಗೆ ಏನು ಮಾಡಿದಿರಿ ಎಂದು ತುಂಬಬೇಕು. ಅದರದೊಂದು ಪ್ರತಿ ತಪಾಸಣೆಯ ಫೈಲಿಗೂ ಹೋಗಬೇಕು. ಕಾರಣ ಎಂಬ ಕಡೆ ಸಹಾಯಕ ಸಿಬ್ಬಂದಿಯ ಅಚಾತುರ್ಯ ಎಂದು ಬರೆದಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅಕ್ಕಾರ ಕೆಲಸ ಉಳಿಯುತ್ತಿರಲಿಲ್ಲ. ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು, ನಿಂತಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಬರೆದೆ: ಮ್ಯಾನೇಜರ್ ಅಂದಿನ ಬ್ಲ್ಯಾಂಕ್ ಮಾಡದೆ ಹಳೆಯ ಅಂಕಿ ಬರೆಸಿದರು, ಡಿಸ್ಟಿಲ್ಡ್ ನೀರಿನ ಕ್ಯಾನನ್ನು ಹೇಗೆ ನೋಡಿಕೊಳ್ಳಬೇಕೆಂದು ಸಿಬ್ಬಂದಿಗೆ ತಿಳಿಸಿರಲಿಲ್ಲ, ಬ್ಯಾಚಿನಲ್ಲಿ ದೋಷವಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ, ನಮೂನೆಯಲ್ಲಿ ಇಲ್ಲದ್ದು. ಮೂಲಪಾಠ ಹೇಳಿಕೊಡುವ ಆಹ್ವಾನವನ್ನು ವಾಪಸು ತೆಗೆದುಕೊಂಡಿದ್ದೇನೆ. ಬದಲಿಗೆ ನಾನೇ ಕಲಿಯಲು ಬರಬಹುದೇ?

ಕಂಪನಿಯಿಂದ ಉತ್ತರ ಬಂತು. ದೂರನ್ನು ಮುಕ್ತಾಯಗೊಳಿಸಲಾಗಿದೆ, ಧನ್ಯವಾದ. ನನ್ನ ಜೀವಮಾನದಲ್ಲಿ ಒಂದೂ ತಪ್ಪು ಹುಡುಕಲಾಗದ ಉತ್ತರ ಅದೊಂದೇ.

ಕೆಂಪು ಚೀಟಿ ಕಿತ್ತೆವು, ಕ್ಯಾನು ತೊಳೆದೆವು. ಆ ವಾರ ಆ ನೀರಿನಲ್ಲಿ ಮಾಡಿದ್ದ ಬೇರೆ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿದೆವು. ಈಗ ಪ್ರತಿದಿನ ಬೆಳಿಗ್ಗೆ ಮೊದಲ ಕೆಲಸ ಕ್ಯಾನಿನ ನೀರಿನ ಬ್ಲ್ಯಾಂಕ್. ಕೆಮಿಸ್ಟ್ ಮಾಡುತ್ತಾಳೆ, ನನ್ನನ್ನು ಕೇಳುವುದಿಲ್ಲ. ಅಕ್ಕಾರು ಕಾಯಂ ಆದರು. ಕ್ಯಾನಿಗೆ ಬೇರೆ ನೀರು ಹಾಕುವುದಿಲ್ಲ. ಆದರೆ ಖಾಲಿ ಕ್ಯಾನು ಬಾಗಿಲ ಪಕ್ಕ ಇರುವುದು ಅವರಿಗೆ ಹಿಡಿಸಲೇ ಇಲ್ಲ. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಅದೇ ಸ್ಟೀಲಿನ ಚರಿಗೆಯನ್ನು ಸವಳು ನೀರು ತುಂಬಿ ಬಾಗಿಲ ಚೌಕಟ್ಟಿನ ಹತ್ತಿರದ ಕಿಟಕಿಯಲ್ಲಿ ಇಡುವುದು. ಲ್ಯಾಬಿನಲ್ಲಿ ಚೀಟಿ ಇಲ್ಲದ ಪಾತ್ರೆ ಇರಬಾರದಲ್ಲ, ಅದಕ್ಕೂ ಒಂದು ಚೀಟಿ ಅಂಟಿಸಿದೆ: ಪರೀಕ್ಷೆಗೆ ಅಲ್ಲ.

ತಪಾಸಣೆಗೆ ಬಂದವರಲ್ಲಿ ಒಬ್ಬರು ಎರಡೂ ಪತ್ರಗಳನ್ನು ಓದಿ ಫೈಲು ಮುಚ್ಚಿದರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿ, ಪರೀಕ್ಷೆಗೆ ಅಲ್ಲದಿದ್ದರೆ ಇದು ಯಾತಕ್ಕೆ ಎಂದು ಕೇಳಿದರು.

"ನಾನು ಮನೆ ಮುಟ್ಟುವುದಕ್ಕೆ," ಎಂದೆ.

ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ಎಂಎಸ್ಸಿ ಓದಿದವನು, ಒಂದು ಚರಿಗೆ ನೀರಿಗೂ ಎರಿ ಮಣ್ಣಿನ ದಾರಿಗೂ ಸಂಬಂಧವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಸಂಜೆ ಹೊರಡುವ ಮೊದಲು ಆ ಕಿಟಕಿಯತ್ತ ಒಮ್ಮೆ ನೋಡುತ್ತೇನೆ. ಅಕ್ಕಾರು ರಜೆ ಹಾಕಿದ ದಿನ ನಾನೇ ತುಂಬಿಸಿಟ್ಟು ಆಮೇಲೆ ಬೈಕಿನ ಕೀಲಿ ತೆಗೆಯುತ್ತೇನೆ.